ಊರಿನ ಆರೋಗ್ಯ ಸಭೆಯಲ್ಲಿ ಬಿಸಿಲು, ಟೊಪ್ಪಿ, ಚರ್ಮ ತಪಾಸಣೆ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಎಂತ ಹೇಳುವುದು?

ಗದ್ದೆಬದಿ

ಎಲ್ಲರಿಗೂ ನಮಸ್ಕಾರ. ನಾನು ಕಾಪು ಕಡೆ ಒಂದು ಉಪಕೇಂದ್ರದಲ್ಲಿ ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. ಮುಂದಿನ ತಿಂಗಳು ಇಲ್ಲಿನ ಭಜನಾ ಮಂದಿರದಲ್ಲಿ ಆರೋಗ್ಯ ಸಭೆ ಉಂಟು. ನನಗೆ ಕೊಟ್ಟ ವಿಷಯ ಬಿಸಿಲಿನಿಂದ ರಕ್ಷಣೆ, ಟೊಪ್ಪಿ, ಚರ್ಮ ತಪಾಸಣೆ. ಹತ್ತು ನಿಮಿಷ ಸಿಗುತ್ತದೆ. ಬರುವವರು ಗದ್ದೆ ಕೆಲಸದವರು, ಅಡಿಕೆ ತೋಟದವರು, ಮಲ್ಲಿಗೆ ಬೆಳೆಯುವ ಹೆಂಗಸರು, ಉದ್ಯೋಗ ಖಾತ್ರಿಯವರು.

ನೆಟ್‌ನಲ್ಲಿ ಹುಡುಕಿದರೆ ಸಿಗುವ ಚಿತ್ರದಲ್ಲೆಲ್ಲ ಕೆಂಪು ಬಿಳಿ ಮೈಯ ವಿದೇಶಿಯರು, ಬೆನ್ನಿನ ಮೇಲೆ ಮಚ್ಚೆ, ಆ ಮಚ್ಚೆಯ ಅಂಚು ಹೇಗೆ, ಬಣ್ಣ ಹೇಗೆ ಅಂತ ಐದು ಅಕ್ಷರದ ಸೂತ್ರ. ಕೊನೆಗೆ ಎರಡು ಗಂಟೆಗೊಮ್ಮೆ ಕ್ರೀಮ್ ಹಚ್ಚಿ ಅಂತ. ಇದನ್ನು ನಮ್ಮ ಊರಿನ ಅಜ್ಜಿಯರ ಎದುರು ತೋರಿಸಿದರೆ ನಗುತ್ತಾರೆ ಅಷ್ಟೆ. ಗೊತ್ತಿದ್ದವರು ಹೇಳಿ, ನಮ್ಮವರಿಗೆ ನಿಜವಾಗಿ ಬೇಕಾದದ್ದು ಯಾವುದು?

ಅಡಿಕೆತೋಟ_ವಿಟ್ಲ

ನೋಡಿ ತಂಗಿ, ನಮ್ಮ ಕಪ್ಪು ಮೈಗೆ ಬಿಸಿಲು ಎಂತ ಮಾಡುವುದೂ ಇಲ್ಲ. ನಮ್ಮ ಅಜ್ಜ ಬರಿಮೈಯಲ್ಲಿ, ಸೊಂಟಕ್ಕೊಂದು ಬೈರಾಸು ಸುತ್ತಿ ಉಳುಮೆ ಮಾಡಿದವರು. ಚರ್ಮದ ಕ್ಯಾನ್ಸರ್ ಅಂತ ನಮ್ಮ ಊರಲ್ಲಿ ಯಾರಿಗೂ ಬಂದದ್ದು ಕೇಳಿಲ್ಲ. ಸುಡುವುದು ಮೇಲಿನ ಬಿಸಿಲಲ್ಲ, ಗದ್ದೆ ನೀರಿನಿಂದ ಮುಖಕ್ಕೆ ಹೊಡೆಯುವ ಬಿಸಿಲು. ನೇಜಿ ನೆಡುವವರನ್ನು ಕೇಳಿ ಬೇಕಾದರೆ. ಸುಮ್ನೆ ಹೆದರಿಸುವ ಬದಲು ನೀರು ಮಜ್ಜಿಗೆ ಜಾಸ್ತಿ ಕುಡಿಯಲಿಕ್ಕೆ ಹೇಳಿ, ಸಾಕು.

ಹಳೇಡಾಕ್ಟ್ರು

ನಾನು ಚರ್ಮರೋಗದ ವೈದ್ಯ, ಈಗ ನಿವೃತ್ತ. ವಿಟ್ಲದವರು ಹೇಳಿದ್ದರಲ್ಲಿ ಅರ್ಧ ಸರಿ ಉಂಟು, ಆ ಅರ್ಧವನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ನಮ್ಮ ಚರ್ಮದ ಬಣ್ಣವೇ ಒಂದು ತಡೆ. ಆಸ್ಟ್ರೇಲಿಯಾದ ಬಿಳಿ ರೈತನಿಗೆ ಬಿಸಿಲಿನಿಂದ ಬರುವಷ್ಟು ಚರ್ಮದ ಕ್ಯಾನ್ಸರ್ ನಮ್ಮ ರೈತನಿಗೆ ಬರುವುದಿಲ್ಲ. ಹಾಗಾಗಿ ಆ ವಿದೇಶಿ ಚಿತ್ರವನ್ನು ಬಿಟ್ಟುಬಿಡಿ.

ನೀರಿನ ಮಾತು ಮಾತ್ರ ತಪ್ಪು. ನೀರು ವಾಪಸ್ ಕಳಿಸುವುದು ಚರ್ಮ ಸುಡುವ ನೇರಳಾತೀತ ಕಿರಣಗಳ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಕಣ್ಣಿಗೆ ಚುಚ್ಚುವ ಬೆಳಕು ಬೇರೆ, ಚರ್ಮ ಸುಡುವ ಕಿರಣ ಬೇರೆ. ಬಗ್ಗಿ ನೆಡುವಾಗ ನಿಜವಾಗಿ ಬಿಸಿಲು ಬೀಳುವುದು ಕುತ್ತಿಗೆ ಹಿಂಬದಿಗೆ ಮತ್ತು ಕಿವಿಗೆ. ಸಂಜೆ ಸ್ನಾನ ಮಾಡುವಾಗ ಎಲ್ಲಿ ಉರಿಯುತ್ತದೆ ಅಂತ ಅವರನ್ನೇ ಕೇಳಿ.

ಈಗ ಮುಖ್ಯ ಮಾತು. ನಿಮ್ಮ ಭಾಷಣದಲ್ಲಿ ಎರಡು ಭಾಗ ಉಂಟು, ಟೊಪ್ಪಿ ಮತ್ತು ತಪಾಸಣೆ. ವಿದೇಶದಲ್ಲಿ ಇವೆರಡನ್ನೂ ಒಂದೇ ದಾರದಲ್ಲಿ ಪೋಣಿಸುತ್ತಾರೆ: ಬಿಸಿಲು ಬೀಳುತ್ತದೆ, ಮಚ್ಚೆ ಕೆಡುತ್ತದೆ, ಆದ್ದರಿಂದ ಟೊಪ್ಪಿ ಹಾಕಿ, ಮಚ್ಚೆ ನೋಡಿ. ನಮ್ಮಲ್ಲಿ ಆ ದಾರ ಇಲ್ಲ. ನಮ್ಮವರಿಗೆ ಟೊಪ್ಪಿ ಬೇಕಾದದ್ದು ಕಣ್ಣಿಗೆ, ಬಂಗಿಗೆ, ತುಟಿಗೆ, ಬಣ್ಣ ಕಳೆದುಕೊಂಡ ಚರ್ಮಕ್ಕೆ. ಮೆಲನೋಮ ಅಂತ ಹೇಳುವ ಆ ಕೆಟ್ಟ ಕಪ್ಪು ಗಡ್ಡೆ ನಮ್ಮವರಲ್ಲಿ ಜಾಸ್ತಿ ಕಾಣುವುದು ಬಿಸಿಲು ಬೀಳದ ಜಾಗದಲ್ಲಿ. ಅಂಗಾಲು, ಅಂಗೈ, ಉಗುರಿನ ಅಡಿ. ಅದಕ್ಕೆ ಟೊಪ್ಪಿಯಿಂದ ಎಂತ ಪ್ರಯೋಜನವೂ ಇಲ್ಲ. ಎರಡನ್ನೂ ಬೇರೆ ಬೇರೆಯಾಗಿ ಹೇಳಿ. ನಡುವೆ "ಆದ್ದರಿಂದ" ಹಾಕಬೇಡಿ.

ಮಲ್ಲಿಗೆಮನೆ

ಡಾಕ್ಟ್ರೇ ನೀವು ಬಂಗು ಅಂದದ್ದು ನೋಡಿ ಕೇಳುತ್ತಿದ್ದೇನೆ. ನನಗೆ ಎರಡನೇ ಮಗು ಆದ ಮೇಲೆ ಎರಡೂ ಕೆನ್ನೆಯಲ್ಲಿ ಕಂದು ಕಲೆ ಬಂದಿದೆ. ಮೆಡಿಕಲ್‌ನಲ್ಲಿ ಒಂದು ಕ್ರೀಮ್ ಕೊಟ್ಟರು, ಹಚ್ಚಿದರೆ ಬೆಳ್ಳಗಾಗುತ್ತದೆ, ಬಿಟ್ಟರೆ ಮೊದಲಿಗಿಂತ ಜಾಸ್ತಿ ಆಗುತ್ತದೆ. ಈಗ ಬಿಸಿಲಿಗೆ ಹೋದರೆ ಮುಖವೆಲ್ಲ ಕೆಂಪಾಗಿ ಉರಿ. ಯಾವ ಕ್ರೀಮ್ ಒಳ್ಳೆಯದು ಹೇಳಿ. ಸಭೆಗೆ ನಾನೂ ಬರುತ್ತೇನೆ, ಕ್ರೀಮ್ ಫ್ರೀ ಕೊಡುತ್ತಾರಾ?

ಹಳೇಡಾಕ್ಟ್ರು

ಅಮ್ಮಾ, ಇದು ಬೇರೆಯೇ ವಿಷಯ. ಆದರೆ ಸಭೆಯಲ್ಲಿ ಈ ಪ್ರಶ್ನೆ ಖಂಡಿತ ಬರುತ್ತದೆ, ಹಾಗಾಗಿ ಹೇಳುತ್ತೇನೆ. ಆ ಟ್ಯೂಬನ್ನು ಬಿಸಾಡಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ನೀವು ಹೇಳುವ ಲಕ್ಷಣ ನೋಡಿದರೆ ಅದರಲ್ಲಿ ಸ್ಟಿರಾಯ್ಡ್ ಇರುವ ಸಾಧ್ಯತೆ ಜಾಸ್ತಿ. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗಿ ಬಿಸಿಲು ತಡೆಯುವುದೇ ಇಲ್ಲ. ಅದನ್ನು ಹೇಗೆ ನಿಲ್ಲಿಸುವುದು ಅಂತ ಅವರೇ ಹೇಳಬೇಕು, ಇಲ್ಲಿ ಬರೆದು ಆಗುವುದಲ್ಲ. ಬಂಗಿಗೆ ಕಣ್ಣಿಗೆ ಕಾಣುವ ಬೆಳಕೂ ಆಗುವುದಿಲ್ಲ. ಹಾಗಾಗಿ ಬಿಳಿ ಸನ್‌ಸ್ಕ್ರೀನಿಗಿಂತ ಮೈಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದು. ಅದಕ್ಕಿಂತ ಮೊದಲು ಅಗಲ ಅಂಚಿನ ಟೊಪ್ಪಿ.

ಮುಟ್ಟಾಳೆ_ಮಾಸ್ಟ್ರು

ಟೊಪ್ಪಿ ಅಂದ ಕೂಡಲೇ ಬಂದೆ. ಸಭೆಗೆ ಕ್ರಿಕೆಟ್ ಟೊಪ್ಪಿ ತಂದು ಹಂಚಬೇಡಿ ಮಾರಾಯ್ರೆ, ನಮ್ಮದೇ ಮುಟ್ಟಾಳೆ ಉಂಟಲ್ಲ. ಅಡಿಕೆ ಹಾಳೆಯದ್ದು. ತಲೆಗೆ ತಂಪು, ಹೊರೆ ಹೊರಲಿಕ್ಕೂ ಆಯಿತು, ಹರಿದರೆ ಗೊಬ್ಬರ. ನಾನು ಈಗಲೂ ಮಾಡುತ್ತೇನೆ, ಶಾಲೆ ಮಕ್ಕಳಿಗೂ ಕಲಿಸಿದ್ದೇನೆ.

ಹಳೇಡಾಕ್ಟ್ರು

ಮಾಸ್ಟ್ರೇ, ಮುಟ್ಟಾಳೆ ನೆತ್ತಿಗೆ ಒಳ್ಳೆಯದು, ಅದರಲ್ಲಿ ಮಾತಿಲ್ಲ. ಹಾಳೆಯನ್ನು ದಾಟಿ ಬಿಸಿಲು ಒಳಗೆ ಬರುವುದಿಲ್ಲ. ಆದರೆ ಅದಕ್ಕೆ ಅಂಚು ಇಲ್ಲ ಅಲ್ವಾ? ಕಣ್ಣು, ಕಿವಿ, ಮೂಗು, ಕೆಳತುಟಿ, ಕುತ್ತಿಗೆ ಎಲ್ಲ ಬಿಸಿಲಿಗೇ. ಕ್ರಿಕೆಟ್ ಟೊಪ್ಪಿ ಮುಖದ ಮೇಲ್ಭಾಗಕ್ಕೆ ಮಾತ್ರ ನೆರಳು ಕೊಡುತ್ತದೆ, ಕಿವಿ ಕುತ್ತಿಗೆಗೆ ಇಲ್ಲ. ಬೇಕಾದದ್ದು ಸುತ್ತಲೂ ಮೂರು ಇಂಚು ಅಂಚು.

ಕಣ್ಣಿನ ಮಾತು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಬಿಸಿಲಲ್ಲಿ ದುಡಿಯುವವರ ಕಣ್ಣಿನಲ್ಲಿ ಮೂಗಿನ ಬದಿಯಿಂದ ಕಪ್ಪು ಗುಡ್ಡೆಯ ಕಡೆಗೆ ಒಂದು ತೆಳು ಮಾಂಸ ತ್ರಿಕೋನದ ಹಾಗೆ ಬೆಳೆದು ಬರುತ್ತದೆ. ಕಣ್ಣು ಕೆಂಪು, ಮರಳು ಬಿದ್ದ ಹಾಗೆ ಚುಚ್ಚುವುದು. ಗುಡ್ಡೆಯ ನಡುವಿಗೆ ಬಂದರೆ ದೃಷ್ಟಿಯೇ ಮಂಜು. ಆಪರೇಷನ್ ಮಾಡಿದರೂ ಕೆಲವರಿಗೆ ಮತ್ತೆ ಬರುತ್ತದೆ. ಇದಕ್ಕೂ ಬಿಸಿಲಿಗೂ ನೇರ ಸಂಬಂಧ ಉಂಟು. ಪೊರೆ ಬೇಗ ಬರುವುದಕ್ಕೂ ಬಿಸಿಲು ಒಂದು ಕಾರಣ. ಸಭೆಯಲ್ಲಿ "ಯಾರ ಕಣ್ಣಲ್ಲಿ ಮಾಂಸ ಬಂದಿದೆ, ಕೈ ಎತ್ತಿ" ಅಂದರೆ ಒಂದಷ್ಟು ಕೈ ಮೇಲೆ ಬರಬಹುದು. ಕ್ಯಾನ್ಸರ್ ಅಂದರೆ ಯಾರೂ ನಂಬುವುದಿಲ್ಲ, ಪಕ್ಕದಲ್ಲಿ ಕೂತವರ ಕಣ್ಣು ನೋಡಿದರೆ ನಂಬುತ್ತಾರೆ.

ಮುಟ್ಟಾಳೆ_ಮಾಸ್ಟ್ರು

ಸರಿ, ಅಂಚು ಇಲ್ಲ ಎಂಬುದು ನಿಜ. ಅದಕ್ಕೆ ಹಿಂದಿನವರು ಮಾಡುತ್ತಿದ್ದ ಉಪಾಯ ಹೇಳುತ್ತೇನೆ. ಮೊದಲು ಬೈರಾಸನ್ನು ತಲೆ ಮೇಲೆ ಹರಡಿ, ಎರಡು ಬದಿ ಕಿವಿ ಮುಚ್ಚುವ ಹಾಗೆ, ಹಿಂದೆ ಕುತ್ತಿಗೆ ದಾಟಿ ಬೆನ್ನಿಗೆ ಬೀಳುವ ಹಾಗೆ ಬಿಡಿ. ಅದರ ಮೇಲೆ ಮುಟ್ಟಾಳೆ ಒತ್ತಿ ಇಡಿ. ಬೈರಾಸು ಜಾರುವುದಿಲ್ಲ, ಬಗ್ಗಿದರೂ ಕುತ್ತಿಗೆ ಮುಚ್ಚಿಯೇ ಇರುತ್ತದೆ. ಮುಂಡಾಸು ಸುತ್ತಿದರೆ ಬಟ್ಟೆಯೆಲ್ಲ ನೆತ್ತಿಗೇ ಹೋಗುತ್ತದೆ, ಕಿವಿ ಹೊರಗೆ.

ಇನ್ನೊಂದು, ಹಾಳೆಯಿಂದಲೇ ಬಳೆಯ ಹಾಗೆ ಒಂದು ಸುತ್ತು ಕತ್ತರಿಸಿ ಮುಟ್ಟಾಳೆಗೆ ಹೊಲಿದರೆ ಮೂರಿಂಚು ಅಂಚು ಆಯಿತಲ್ಲ? ಹಾಳೆಯನ್ನು ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ ಕತ್ತರಿಸಬೇಕು, ಒಣಗಿದ ಮೇಲೆ ಕತ್ತರಿಸಿದರೆ ಸೀಳುತ್ತದೆ. ಒಂದು ಮಾಡಿ ಸಭೆಗೆ ಕಳಿಸಲಾ?

ಅಡಿಕೆತೋಟ_ವಿಟ್ಲ

ಅಂಚು ಹೊಲಿದ ಹಾಳೆ ಟೊಪ್ಪಿ ನಮ್ಮ ಕಡೆಯೂ ಒಬ್ಬರು ಮಾಡಿದ್ದರು. ಗಾಳಿಗೆ ಹಾರುತ್ತದೆ. ತಲೆ ಮೇಲೆ ಬುಟ್ಟಿ ಇಡಲಿಕ್ಕೆ ಆಗುವುದಿಲ್ಲ. ಸೊಪ್ಪು ಹೊರುವಾಗ, ಗೊಬ್ಬರ ಹೊರುವಾಗ ತೆಗೆದಿಡಬೇಕು, ತೆಗೆದಿಟ್ಟದ್ದು ಅಲ್ಲೇ ಬಾಕಿ. ಅಂಗಳದಲ್ಲಿ ಅಡಿಕೆ ಹರಡುವವರಿಗೆ ಸರಿ ಹೋದೀತು.

ಗದ್ದೆಬದಿ

ಮಾಸ್ಟ್ರೇ ಖಂಡಿತ ಕಳಿಸಿ, ಬೈರಾಸು ಹಾಕಿದ ಮುಟ್ಟಾಳೆ ಒಂದು, ಅಂಚಿನದ್ದು ಒಂದು. ಎರಡನ್ನೂ ತಲೆ ಮೇಲೆ ಇಟ್ಟು ನೆರಳು ಎಲ್ಲಿ ಬೀಳುತ್ತದೆ ಅಂತ ಅಂಗಳದಲ್ಲೇ ತೋರಿಸುತ್ತೇನೆ.

ಹೊತ್ತಿನ ವಿಷಯ ಎಂತ ಹೇಳುವುದು? "ಹತ್ತರಿಂದ ನಾಲ್ಕರವರೆಗೆ ಹೊರಗೆ ಹೋಗಬೇಡಿ" ಅಂದರೆ ಕೂಲಿಗೆ ಹೋಗುವವರು ನನ್ನನ್ನೇ ಹೊರಗೆ ಕಳಿಸುತ್ತಾರೆ.

ಹಳೇಡಾಕ್ಟ್ರು

ಹಾಗೆ ಹೇಳಲೇಬೇಡಿ. ನಮ್ಮ ಕರಾವಳಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ. ದೇಶದ ಗಡಿಯಾರ ಪೂರ್ವದ ಲೆಕ್ಕದ್ದು, ನಾವು ಪಶ್ಚಿಮದ ತುದಿಯಲ್ಲಿದ್ದೇವೆ. ಹಾಗಾಗಿ ಹತ್ತೂವರೆಯಿಂದ ಎರಡೂವರೆ ನಡುವಿನ ನಾಲ್ಕು ಗಂಟೆಯಲ್ಲೇ ದಿನದ ಅರ್ಧಕ್ಕಿಂತ ಜಾಸ್ತಿ ಕಿರಣ ಬೀಳುತ್ತದೆ. ಊಟದ ಬಿಡುವನ್ನು ಹನ್ನೆರಡರಿಂದ ಒಂದೂವರೆಗೆ ಇಟ್ಟುಕೊಂಡು ನೆರಳಲ್ಲಿ ಕೂತರೆ ಅದೇ ದೊಡ್ಡ ಲಾಭ. ಮುಂಚೆ ಬಂದು ಮುಂಚೆ ಹೋಗುವ ಮಾತು ಮಾಲಕರ ಜೊತೆ ಆಡಬೇಕಾದದ್ದು, ಕೂಲಿಯವರಿಗೆ ಹೇಳಿ ಫಲ ಇಲ್ಲ.

ಗಡಿಯಾರ ಬೇಡ ಅಂದರೆ ನೆರಳು ನೋಡಲಿ. ನಮ್ಮ ನೆರಳು ನಮಗಿಂತ ಗಿಡ್ಡ ಆದರೆ ಬಿಸಿಲು ಬಲ ಉಂಟು ಅಂತ ಲೆಕ್ಕ. ಏಪ್ರಿಲ್ 24-25ರ ಸುಮಾರಿಗೆ ಇಲ್ಲಿ ಮಧ್ಯಾಹ್ನ ನೆರಳು ಕಾಲಡಿಗೇ ಬರುತ್ತದೆ, ಆಗಸ್ಟ್ ಮೂರನೇ ವಾರದಲ್ಲಿ ಇನ್ನೊಮ್ಮೆ. ಆಗಸ್ಟಿನಲ್ಲಿ ಮೋಡ ಇರುತ್ತದೆ ಅಂತ ಜನ ಬಿಸಿಲನ್ನು ಲೆಕ್ಕಕ್ಕೇ ಇಡುವುದಿಲ್ಲ. ತೆಳು ಮೋಡ ಈ ಕಿರಣವನ್ನು ಅಷ್ಟೇನೂ ತಡೆಯುವುದಿಲ್ಲ.

ಬಟ್ಟೆಯ ಬಗ್ಗೆ ಒಂದೇ ಮಾತು. ಬೆಳಕಿಗೆ ಹಿಡಿದಾಗ ಆಚೆ ಬದಿ ಕಂಡರೆ ಆ ಬಟ್ಟೆ ಸಾಲದು. ತೆಳು ಬಿಳಿ ಹತ್ತಿ ಬೆವರಿಗೆ ನೆನೆದರೆ ಇನ್ನೂ ಕಡಿಮೆ ತಡೆಯುತ್ತದೆ. ಹಳೆಯ ದಪ್ಪ ಉದ್ದ ಕೈ ಶರ್ಟನ್ನು ಸೀರೆ ಮೇಲೆ ಹಾಕಿ ಕೆಲಸ ಮಾಡುವ ಹೆಂಗಸರು ಸರಿಯಾಗಿಯೇ ಮಾಡುತ್ತಿದ್ದಾರೆ.

ಪಡುಬಿದ್ರಿ_ದೋಣಿ

ನಾನು ಗದ್ದೆಯವನಲ್ಲ, ಆದರೂ ಒಂದು ಕೇಳುವುದುಂಟು. ನನ್ನ ಬಾವ ಹುಟ್ಟಿನಿಂದಲೇ ಬೆಳ್ಳಗೆ, ಕೂದಲು ಹುಬ್ಬು ಎಲ್ಲ ಬಿಳಿ. ಮೀನು ಒಣಗಿಸುವ ಕೆಲಸ. ಟೊಪ್ಪಿ ಹಾಕಿದರೆ ಜನ ತಮಾಷೆ ಮಾಡುತ್ತಾರೆ ಅಂತ ಹಾಕುವುದಿಲ್ಲ. ಈಗ ಕಿವಿಯ ಮೇಲಂಚಿನಲ್ಲಿ ಹೊಟ್ಟಿನ ಹಾಗೆ ಎದ್ದಿದೆ, ಕಿತ್ತರೆ ರಕ್ತ, ಮತ್ತೆ ಅಲ್ಲೇ ಬರುತ್ತದೆ. ಕೆಳತುಟಿಯೂ ಒಡೆದು ಬಿಳಿ ಬಿಳಿ. ಬಿಸಿಲಿಗೆ ಹಾಗೆ ಆಗುತ್ತದೆ ಅಂತ ಬಿಟ್ಟಿದ್ದಾನೆ. ತೊನ್ನು ಇರುವವರಿಗೂ ಹೀಗೆಯಾ?

ಹಳೇಡಾಕ್ಟ್ರು

ಇವರನ್ನು ಈ ವಾರವೇ ಕರೆದುಕೊಂಡು ಹೋಗಿ. ಸಭೆಗೆ ಕಾಯಬೇಡಿ. ಮಂಗಳೂರಲ್ಲಿ ವೆನ್ಲಾಕ್, ಉಡುಪಿಯಲ್ಲಾದರೆ ಜಿಲ್ಲಾಸ್ಪತ್ರೆ, ಮಣಿಪಾಲ, ಯಾವುದು ಅನುಕೂಲವೋ ಅಲ್ಲಿ ಚರ್ಮ ವಿಭಾಗಕ್ಕೆ.

ನಾನು ಮೇಲೆ ಹೇಳಿದ "ನಮ್ಮ ಬಣ್ಣವೇ ತಡೆ" ಎಂಬ ಮಾತು ಇವರಿಗೆ ಅನ್ವಯಿಸುವುದಿಲ್ಲ, ಯಾಕೆಂದರೆ ಆ ಬಣ್ಣವೇ ಇಲ್ಲ. ಹುಟ್ಟು ಬಿಳಿ ಇರುವವರಿಗೆ ಇದೇ ಕರಾವಳಿ ಬಿಸಿಲಲ್ಲಿ ಕಿವಿ, ಮೂಗು, ಕೆಳತುಟಿ, ಕುತ್ತಿಗೆಯಲ್ಲಿ ಕ್ಯಾನ್ಸರ್ ಬರುವ ಅಪಾಯ ತುಂಬ ಜಾಸ್ತಿ, ಅದೂ ಚಿಕ್ಕ ವಯಸ್ಸಿಗೇ. ಅವರು ಹೇಳುವ ಹೊಟ್ಟು ಅದರ ಮುಂಚಿನ ಹಂತ ಇರಬಹುದು, ಅಥವಾ ಅದನ್ನು ದಾಟಿರಬಹುದು, ನೋಡದೆ ಹೇಳಲಾಗುವುದಿಲ್ಲ. ಮುಂಚಿನ ಹಂತವಾದರೆ ತಣ್ಣಗಿನ ದ್ರವ ಇಟ್ಟು ಸುಟ್ಟೋ, ಮುಲಾಮು ಕೊಟ್ಟೋ ತೆಗೆಯುತ್ತಾರೆ. ತೊನ್ನಿನ ಮಚ್ಚೆ ಬಿಸಿಲಿಗೆ ಬೇಗ ಸುಡುತ್ತದೆ, ಮುಚ್ಚಿಕೊಳ್ಳಬೇಕು ನಿಜ, ಆದರೆ ಅವರ ಅಪಾಯ ಇಷ್ಟಿಲ್ಲ.

ಗದ್ದೆಬದಿಯವರೇ, ಸನ್‌ಸ್ಕ್ರೀನಿಗೆ ದುಡ್ಡು ಸಿಕ್ಕರೆ ಎಲ್ಲರಿಗೂ ಸಣ್ಣ ಸ್ಯಾಶೆ ಹಂಚಬೇಡಿ. ಒಬ್ಬ ಮನುಷ್ಯ ಮೈಗೆಲ್ಲ ಸರಿಯಾಗಿ ಹಚ್ಚಿದರೆ ಒಂದು ಸಲಕ್ಕೇ 30 ಮಿಲಿ ಬೇಕು, ಬೆವರಿಗೆ ಎರಡು ಗಂಟೆಯಲ್ಲಿ ಹೋಗುತ್ತದೆ. ಕೂಲಿ ದುಡ್ಡಲ್ಲಿ ಅದು ನಡೆಯುವ ಮಾತಲ್ಲ. ನಿಮ್ಮ ಉಪಕೇಂದ್ರದ ವ್ಯಾಪ್ತಿಯಲ್ಲಿ ಹುಟ್ಟು ಬಿಳಿ ಇರುವವರು ಯಾರಿದ್ದಾರೆ ನೋಡಿ, ಇದ್ದರೆ ಅವರಿಗೇ ವರ್ಷಪೂರ್ತಿ ಸಿಗುವ ಹಾಗೆ ಮಾಡಿ.

ನರ್ಸಕ್ಕ_ಬ್ರಹ್ಮಾವರ

ಒಂದು ವಿಷಯ ಯಾರೂ ಹೇಳಲಿಲ್ಲ. ಮಳೆಗಾಲದಲ್ಲಿ ಇಲಿಜ್ವರ ಬಾರದ ಹಾಗೆ ಗದ್ದೆ ಕೆಲಸದವರಿಗೆ ವಾರಕ್ಕೊಂದು ಸಲ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ಕೊಡುತ್ತೇವಲ್ಲ, ಆ ಮಾತ್ರೆ ತಿಂದವರಿಗೆ ಬಿಸಿಲು ಬೇಗ ತಾಗುತ್ತದೆ. ಮಳೆ ಬಿಟ್ಟು ಬಿಸಿಲು ಬಂದ ದಿನ ಕೈ ಹಿಂಬದಿ, ಮುಖ ಕೆಂಪಾಗಿ ಉರಿಯುತ್ತದೆ ಅಂತ ಒಬ್ಬರು ಬಂದಿದ್ದರು, ಕೀಟನಾಶಕದ್ದು ಅಂತ ಅಂದುಕೊಂಡಿದ್ದರು. ಬಿಪಿಗೆ ಕೊಡುವ ಮೂತ್ರದ ಮಾತ್ರೆ, ಹೈಡ್ರೋಕ್ಲೋರೋಥಯಜೈಡ್, ಅದರಲ್ಲೂ ಹೀಗೆ ಆಗಬಹುದು. ಸಭೆಯಲ್ಲಿ ಇದನ್ನೂ ಹೇಳಿ.

ಗದ್ದೆಬದಿ

ಅಕ್ಕಾ, ಇದನ್ನು ಹೇಳಲಿಕ್ಕೆ ನನಗೆ ಹೆದರಿಕೆ. ಈಗಲೇ ಅರ್ಧ ಜನ ಆ ಮಾತ್ರೆಯನ್ನು ಹೊಟ್ಟೆ ಉರಿ ಅಂತ ಗದ್ದೆ ಹುಣಿಯಲ್ಲಿ ಬಿಸಾಡುತ್ತಾರೆ. ಚರ್ಮಕ್ಕೂ ಆಗುವುದಿಲ್ಲ ಅಂದರೆ ಮುಗಿಯಿತು. ಇಲಿಜ್ವರದಲ್ಲಿ ಜೀವ ಹೋಗುತ್ತದೆ, ಚರ್ಮ ಉರಿದರೆ ಜೀವ ಹೋಗುವುದಿಲ್ಲ.

ನರ್ಸಕ್ಕ_ಬ್ರಹ್ಮಾವರ

ಹೇಳದೆ ಇದ್ದು, ಅವರಿಗೇ ಉರಿ ಬಂದು, ಅವರೇ ಕಾರಣ ಕಂಡುಹಿಡಿದರೆ ಆಮೇಲೆ ನೀನು ಹೇಳಿದ ಯಾವ ಮಾತ್ರೆಯನ್ನೂ ತಿನ್ನುವುದಿಲ್ಲ. ಮಾತ್ರೆ ಕೊಡುವಾಗಲೇ "ಊಟ ಆದ ಮೇಲೆ ತಿನ್ನಿ, ಕೈ ಮುಚ್ಚುವ ಅಂಗಿ ಹಾಕಿ" ಅಂತ ಒಂದು ಮಾತು ಸೇರಿಸು.

ಹಳೇಡಾಕ್ಟ್ರು

ಇದರಲ್ಲಿ ನಾನು ಯಾರ ಪಕ್ಷವೂ ಅಲ್ಲ. ಮಾತ್ರೆ ಹಂಚುವಾಗ ಒಬ್ಬೊಬ್ಬರಿಗೇ ಹೇಳುವುದು ಬೇರೆ, ಮೈಕಿನಲ್ಲಿ ಹೇಳುವುದು ಬೇರೆ. ನೀವಿಬ್ಬರೂ ಜನರನ್ನು ನೋಡಿದವರು, ನೀವೇ ತೀರ್ಮಾನ ಮಾಡಿ.

ಈಗ ತಪಾಸಣೆಗೆ ಬರುತ್ತೇನೆ. ನಾನು ಸರ್ವಿಸಿನಲ್ಲಿದ್ದಾಗ ನೋಡಿದ ಒಂದು ಕೇಸು ಹೇಳುತ್ತೇನೆ, ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ ಇದಕ್ಕೇ ಕೊಡಿ.

ಅರವತ್ತರ ಆಸುಪಾಸಿನ ರೈತ. ಬರಿಗಾಲಲ್ಲೇ ಗದ್ದೆ ಕೆಲಸ. ಹಿಮ್ಮಡಿಯಲ್ಲಿ ಒಂದು ಕಪ್ಪು ಕಲೆ, ಎಂಟಾಣೆ ನಾಣ್ಯದಷ್ಟು, ಚಪ್ಪಟೆ, ನೋವಿಲ್ಲ. ಹೆಂಡತಿ ಕಂಡು ಹೇಳಿದರು. ಮುಳ್ಳು ತಾಗಿ ರಕ್ತ ಕಟ್ಟಿದ್ದು ಅಂತ ಅವರು ಬಿಟ್ಟರು. ಕಲೆ ಮೆಲ್ಲಗೆ ದೊಡ್ಡದಾಯಿತು, ಒಂದು ಬದಿ ಕಡು ಕಪ್ಪು, ಇನ್ನೊಂದು ಬದಿ ಕಂದು. ಆಣಿ ಇರಬೇಕು ಅಂತ ಮೆಡಿಕಲ್‌ನಿಂದ ಕಾರ್ನ್ ಕ್ಯಾಪ್ ತಂದು ಅಂಟಿಸಿದರು. ಅದರಲ್ಲಿ ಚರ್ಮ ಕರಗಿಸುವ ಆಸಿಡ್ ಇರುತ್ತದೆ. ಮೇಲ್ಪದರ ಬಿಳಿಯಾಗಿ ಎದ್ದುಬಂತು, ಒಳಗೆ ಹಸಿ ಗಾಯ. ಸಕ್ಕರೆ ಕಾಯಿಲೆಯೂ ಇದ್ದದ್ದರಿಂದ ಒಂದು ಕ್ಲಿನಿಕ್‌ನಲ್ಲಿ ಸಕ್ಕರೆ ಗಾಯ ಅಂತ ತಿಂಗಳುಗಟ್ಟಲೆ ಡ್ರೆಸಿಂಗ್ ನಡೆಯಿತು. ಗಾಯ ಒಣಗಲಿಲ್ಲ. ನನ್ನ ಹತ್ತಿರ ಬರುವಾಗ ತೊಡೆಸಂದಿನಲ್ಲಿ ಗಡ್ಡೆ ಸಿಗುತ್ತಿತ್ತು. ಅಂದರೆ ಹಬ್ಬಿಯಾಗಿತ್ತು.

ಇಲ್ಲಿ ಗಮನಿಸಿ, ಮೂರು ಕಡೆ ಹಿಡಿಯಬಹುದಿತ್ತು. ಮುಳ್ಳಿನ ರಕ್ತವಾದರೆ ಕೆಲವು ವಾರದಲ್ಲಿ ಚರ್ಮದ ಜೊತೆ ಮೇಲೆ ಬಂದು ಸವೆದುಹೋಗಬೇಕು, ದೊಡ್ಡದಾಗುವುದಿಲ್ಲ. ಆಣಿಯಾದರೆ ಒತ್ತಿದಾಗ ನೋವು, ಒತ್ತಡ ಬೀಳುವ ಜಾಗದಲ್ಲೇ ಇರುತ್ತದೆ, ಸುತ್ತ ಕಪ್ಪು ಬಣ್ಣ ಹರಡುವುದಿಲ್ಲ. ಸಕ್ಕರೆ ಗಾಯವಾದರೆ ಸಕ್ಕರೆ ಹಿಡಿತಕ್ಕೆ ಬಂದು, ಕಾಲಿಗೆ ಭಾರ ಬೀಳದ ಹಾಗೆ ಮಾಡಿದರೆ ಒಣಗುತ್ತಾ ಬರಬೇಕು. ಎರಡು ತಿಂಗಳಾದರೂ ಒಣಗದ ಅಂಗಾಲಿನ ಗಾಯವನ್ನು, ಬಣ್ಣ ಯಾವುದೇ ಇರಲಿ, ಅಂಚಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಈ ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಮೇಲ್ಪದರದಲ್ಲೇ ಇದ್ದರೆ ಕತ್ತರಿಸಿ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ.

ಅಡಿಕೆತೋಟ_ವಿಟ್ಲ

ಇದನ್ನು ಓದಿ ನಾನು ಈಗಲೇ ಕಾಲು ನೋಡಿದೆ. ಎರಡೂ ಅಂಗಾಲಲ್ಲಿ ಸಣ್ಣ ಸಣ್ಣ ಕಂದು ಚುಕ್ಕಿ ಸುಮಾರು ಉಂಟು. ಕೈಯ ನಾಲ್ಕೈದು ಉಗುರಲ್ಲಿ ಉದ್ದಕ್ಕೆ ಕಪ್ಪು ಗೆರೆಯೂ ಉಂಟು. ಡಾಕ್ಟ್ರೇ, ಹೆದರಿಸಬೇಡಿ ಅಂತ ನಾನೇ ಹೇಳಿದ್ದೆ.

ಹಳೇಡಾಕ್ಟ್ರು

ನಿಮ್ಮದು ಹೆಚ್ಚಾಗಿ ಮಾಮೂಲಿಯೇ. ನಮ್ಮ ಬಣ್ಣದವರ ಅಂಗಾಲಲ್ಲಿ ಚಪ್ಪಟೆ ಚುಕ್ಕಿ ಹಲವು ಇರುತ್ತವೆ, ಉಗುರಿನ ಗೆರೆಯೂ ಹಲವು ಬೆರಳಲ್ಲಿ ಇರುತ್ತದೆ. ಹಲವು ಇದ್ದು, ಒಂದೇ ತರಹ ಇದ್ದು, ವರ್ಷಗಳಿಂದ ಹಾಗೇ ಇದ್ದರೆ ಚಿಂತೆ ಬೇಡ. ನಾನು ಹುಡುಕುವುದು ಗುಂಪಿಗೆ ಸೇರದ ಒಂದನ್ನು. ಒಂದೇ ಉಗುರಲ್ಲಿ ಹೊಸದಾಗಿ ಬಂದ ಗೆರೆ, ಅದರಲ್ಲೂ ಕೈಯ ಅಥವಾ ಕಾಲಿನ ಹೆಬ್ಬೆರಳು, ಬುಡದ ಕಡೆ ಅಗಲವಾಗುತ್ತಾ ಹೋಗುವುದು, ಬಣ್ಣ ಉಗುರು ದಾಟಿ ಬುಡದ ಚರ್ಮಕ್ಕೆ ಇಳಿಯುವುದು. ಇದು ಕಂಡರೆ ತಡ ಮಾಡಬಾರದು.

ಉಗುರಡಿ ರಕ್ತ ಕಟ್ಟಿದ್ದಾ ಅಂತ ಅನುಮಾನ ಇದ್ದರೆ ಸುಲಭದ ದಾರಿ ಉಂಟು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಮೊಬೈಲಲ್ಲಿ ಫೋಟೋ ತೆಗೆಯಿರಿ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲಿನದ್ದು ಅದರ ಅರ್ಧ. ರಕ್ತದ ಕಲೆಯಾದರೆ ಉಗುರಿನ ಜೊತೆ ಮುಂದೆ ಸರಿದು, ಹಿಂದೆ ಶುಭ್ರ ಉಗುರು ಕಾಣುತ್ತದೆ. ಕಾಲಿನದ್ದಾದರೆ ಎರಡು ತಿಂಗಳು ನೋಡಿ. ಬುಡದಲ್ಲಿ ಕಪ್ಪು ಹಾಗೇ ಬಾಕಿ ಇದ್ದರೆ ತೋರಿಸಬೇಕು. ಮೇಲೆ ಹೇಳಿದ ಲಕ್ಷಣ ಇದ್ದವರು ಮಾತ್ರ ಈ ಪರೀಕ್ಷೆಗೆ ಕಾಯುವುದು ಬೇಡ, ನೇರ ಹೋಗಲಿ.

ಮಲ್ಲಿಗೆಮನೆ

ನನ್ನ ಅತ್ತೆಗೆ ಹಿಂದೆ ಸೀಮೆಎಣ್ಣೆ ಸ್ಟವ್ ಸಿಡಿದು ತೊಡೆಯೆಲ್ಲ ಸುಟ್ಟಿತ್ತು. ಆ ಹಳೇ ಕಲೆಯ ಮೇಲೆ ಈಗ ಆಗಾಗ ಹುಣ್ಣಾಗಿ ಮತ್ತೆ ಒಣಗುತ್ತದೆ. ಅದೂ ತೋರಿಸಬೇಕಾದದ್ದಾ, ಅಥವಾ ವಯಸ್ಸಿನದ್ದಾ?

ಹಳೇಡಾಕ್ಟ್ರು

ತೋರಿಸಲೇಬೇಕು. ಕೇಳಿದ್ದು ಒಳ್ಳೆಯದಾಯಿತು, ನಾನು ಮುಂದೆ ಬರೆಯಬೇಕಿದ್ದ ಮಾತೇ ಇದು. ಹಳೆಯ ಸುಟ್ಟ ಕಲೆಯಲ್ಲಿ, ವರ್ಷಗಟ್ಟಲೆ ಒಣಗದ ಗಾಯದಲ್ಲಿ, ಹತ್ತಾರು ವರ್ಷದ ಮೇಲೆ ಕ್ಯಾನ್ಸರ್ ಏಳುವುದುಂಟು. ಒಣಗಿ ಒಣಗಿ ಮತ್ತೆ ಒಡೆಯುವುದು ಮೊದಲ ಸೂಚನೆ. ಅಂಚು ಗಟ್ಟಿಯಾಗಿ ಮೇಲೆದ್ದರೆ, ವಾಸನೆ ಬಂದರೆ, ಮುಟ್ಟಿದರೆ ರಕ್ತ ಬಂದರೆ ಅವತ್ತೇ ಹೋಗಬೇಕು. ಎಲ್ಲ ಹುಣ್ಣೂ ಅದೇ ಅಂತಲ್ಲ, ಬಿಗಿದ ಚರ್ಮ ಉಜ್ಜಿದರೂ ಒಡೆಯುತ್ತದೆ. ಆದರೆ ತೊಡೆ, ಹೊಟ್ಟೆಯ ಕಲೆಯನ್ನು ನಮ್ಮ ಹೆಂಗಸರು ಯಾರಿಗೂ ತೋರಿಸುವುದಿಲ್ಲ. ಗದ್ದೆಬದಿಯವರೇ, ಸಭೆಯಲ್ಲಿ ಪರದೆ ಕಟ್ಟಿದ ಒಂದು ಮೂಲೆ ಇಡಿ, ಅಲ್ಲಿ ಹೆಂಗಸರೇ ಇರಲಿ.

ನರ್ಸಕ್ಕ_ಬ್ರಹ್ಮಾವರ

ನೋಡುವಾಗ ತಿಳಿ ಬಣ್ಣದ ಮಚ್ಚೆ ಕಂಡರೆ ಬಿಡಬೇಡ ಮಾರಾಯ್ತಿ. ಕಣ್ಣು ಮುಚ್ಚಿಸಿ, ಪೆನ್ನಿನ ತುದಿಯಿಂದ ಮೆಲ್ಲ ಮುಟ್ಟಿ ನೋಡು. ಆ ಮಚ್ಚೆಯಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ ಅದು ಕುಷ್ಠ ಇರಬಹುದು. ಮೆಲನೋಮಕ್ಕಿಂತ ಇದೇ ಸಿಗುವ ಸಾಧ್ಯತೆ ಜಾಸ್ತಿ, ಸರಕಾರಿ ಆಸ್ಪತ್ರೆಯಲ್ಲಿ ಮದ್ದೂ ಉಚಿತ. ಎಲ್ಲರ ಎದುರು ಮಾತ್ರ ಹೆಸರು ಹೇಳಬೇಡ.

ಗದ್ದೆಬದಿ

ಎಲ್ಲ ಸೇರಿಸಿ ಹೀಗೆ ಬರೆದೆ, ತಪ್ಪಿದ್ದರೆ ಹೇಳಿ.

"ಅಕ್ಕಂದಿರೇ, ಅಣ್ಣಂದಿರೇ, ಮೊದಲು ಪಕ್ಕದವರ ಕಣ್ಣು ನೋಡಿ. ಮೂಗಿನ ಬದಿಯಿಂದ ಮಾಂಸ ಬಂದಿದೆಯಾ? ಅದು ಬಿಸಿಲಿನದ್ದು. ಮುಟ್ಟಾಳೆ ನೆತ್ತಿ ಕಾಯುತ್ತದೆ, ಕಣ್ಣು ಕಿವಿ ಕಾಯುವುದಿಲ್ಲ. ಅಡಿಯಲ್ಲಿ ಬೈರಾಸು ಇಳಿಬಿಡಿ, ಹೊರೆ ಇಲ್ಲದ ಕೆಲಸಕ್ಕೆ ಅಂಚಿನ ಟೊಪ್ಪಿ ಹಾಕಿ. ಬಿಸಿಲಿನ ಮಾತು ಇಲ್ಲಿಗೆ ಮುಗಿಯಿತು. ಈಗ ಬೇರೆ ಮಾತು. ತಿಂಗಳಿಗೊಮ್ಮೆ ಸಂಕ್ರಮಣದ ದಿನ ಸ್ನಾನ ಆದ ಮೇಲೆ ಚಾವಡಿಯಲ್ಲಿ ಕೂತು ಕಾಲಿನ ಮೇಲೆ ಕಾಲು ಹಾಕಿ ಅಂಗಾಲು ನೋಡಿ. ಬೆರಳ ಸಂದು ನೋಡಿ, ಉಗುರು ನೋಡಿ, ಹಳೇ ಸುಟ್ಟ ಕಲೆ ನೋಡಿ. ಬಗ್ಗಲಿಕ್ಕೆ ಆಗದವರದ್ದು ಮನೆಯವರು ನೋಡಿ. ಬೆಳೆಯುವ ಕಪ್ಪು ಕಲೆ, ಒಂದೇ ಉಗುರಿನ ಹೊಸ ಗೆರೆ, ಒಣಗದ ಗಾಯ ಕಂಡರೆ ಕಾರ್ನ್ ಕ್ಯಾಪ್ ಅಂಟಿಸಬೇಡಿ, ಬ್ಲೇಡಲ್ಲಿ ಕೆರೆಯಬೇಡಿ, ನನ್ನ ಹತ್ತಿರ ಬನ್ನಿ."

ಮಾತ್ರೆ ವಿಷಯ ಸದ್ಯಕ್ಕೆ ಮೈಕಿನಲ್ಲಿ ಹೇಳುವುದಿಲ್ಲ. ಹಂಚುವಾಗ ಹೇಳುತ್ತೇನೆ.

ನರ್ಸಕ್ಕ_ಬ್ರಹ್ಮಾವರ

ಮೈಕಿನಲ್ಲೂ ಹೇಳಬೇಕು ಅಂತಲೇ ನನ್ನ ಅಭಿಪ್ರಾಯ. ಇರಲಿ.

ಹಳೇಡಾಕ್ಟ್ರು

ಭಾಷಣ ಚೆನ್ನಾಗಿದೆ. ಕೇಸಿನ ಕಥೆಯನ್ನು "ಅಂಗಾಲು ನೋಡಿ" ಎಂಬುದಕ್ಕಿಂತ ಮುಂಚೆ ಹಾಕಿ, ಇಲ್ಲದಿದ್ದರೆ ಅಂಗಾಲು ಯಾಕೆ ಅಂತ ಗೊತ್ತಾಗುವುದಿಲ್ಲ. ಹುಟ್ಟು ಬಿಳಿ ಇರುವವರ ಮಾತನ್ನು ಬಿಟ್ಟಿದ್ದೀರಿ. ಸಭೆಯಲ್ಲಿ ಅವರನ್ನು ತೋರಿಸಿ ಹೇಳುವುದು ಬೇಡ, ಮನೆಗೆ ಹೋಗಿ ಹೇಳಿ.

ಪಡುಬಿದ್ರಿ_ದೋಣಿ

ಬಾವ ಒಪ್ಪಿದ್ದಾನೆ, ನಾಡಿದ್ದು ಹೋಗುತ್ತೇವೆ. ಕಾರ್ಡ್ ತೆಗೆದುಕೊಂಡು ಹೋಗಬೇಕಾ?

ನರ್ಸಕ್ಕ_ಬ್ರಹ್ಮಾವರ

ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಇದ್ದರೆ ಮೂರೂ. ಮೊದಲು ಸರಕಾರಿ ಆಸ್ಪತ್ರೆಗೆ ಹೋದರೆ ಬೇರೆ ಕಡೆ ಕಳಿಸಬೇಕಾದಾಗ ಅವರೇ ಚೀಟಿ ಬರೆದುಕೊಡುತ್ತಾರೆ.

ಮುಟ್ಟಾಳೆ_ಮಾಸ್ಟ್ರು

ಅಂಚಿನ ಟೊಪ್ಪಿಗೆ ಗದ್ದದಡಿ ಕಟ್ಟುವ ದಾರ ಹಾಕುತ್ತಿದ್ದೇನೆ, ವಿಟ್ಲದವರು ಗಾಳಿ ಅಂದರಲ್ಲ ಅದಕ್ಕೆ. ಸಭೆಯಲ್ಲಿ ಕಾಲು ನೋಡುವುದಾದರೆ ಒಂದು ಬಾಲ್ದಿ ನೀರು, ಸೋಪು, ಹಳೇ ಬ್ರಷ್ ಇಡಿ. ಕೆಸರು ಕಾಲಲ್ಲಿ ಎಂತ ಕಾಣುತ್ತದೆ? ಹಸಿ ಅಡಿಕೆ ಸುಲಿದ ಕೈ, ಗೇರು ಹಣ್ಣು ಹಿಂಡಿದ ಕೈ ಎಲ್ಲ ಕರೆ ಹಿಡಿದು ಕಪ್ಪಾಗಿರುತ್ತದೆ, ಉಗುರು ಪೂರ್ತಿ.

ಹಳೇಡಾಕ್ಟ್ರು

ಸರಿಯಾದ ಮಾತು ಮಾಸ್ಟ್ರೇ. ಕರೆಯಾದರೆ ಎಲ್ಲ ಬೆರಳಿಗೂ ಹಿಡಿದಿರುತ್ತದೆ, ಉಗುರಿನ ಮೇಲೆಯೇ ಇರುತ್ತದೆ, ಉಜ್ಜಿದರೆ ಸ್ವಲ್ಪ ಬಿಡುತ್ತದೆ. ಗೇರುಬೀಜದ ಸೊನೆ ತಾಗಿ ಸುಟ್ಟದ್ದೂ ಕಪ್ಪಾಗಿಯೇ ಕಾಣುತ್ತದೆ, ಅದು ಹೊಟ್ಟು ಎದ್ದು ಒಂದೆರಡು ವಾರದಲ್ಲಿ ಹೋಗುತ್ತದೆ. ಗೇರು ಸೀಸನಿನಲ್ಲಿ ಸಭೆ ಇಟ್ಟರೆ ಅಂಥ ಕೈ ತುಂಬ ಬರುತ್ತದೆ, ಮೊದಲೇ ಕೇಳಿಕೊಳ್ಳಿ ಎಂತ ಕೆಲಸ ಮಾಡಿ ಬಂದದ್ದು ಅಂತ.